‘ಹಣ ಹೋಗಿದೆ’ ಎಂದು ಮೂರು ಸಲ ಹೇಳಿದ ಮೇಲೆ ಬಂದ ನಾಲ್ಕನೇ ಮೇಲ್

ಸಬ್ಜೆಕ್ಟ್ ಸಾಲಿನಲ್ಲಿ ಇದ್ದದ್ದು ಒಂದೇ ಪದ: ‘ಕಳ್ಳರು’. ಬೆಳಗ್ಗೆ 10 ಗಂಟೆಗೆ ಆ ಮೇಲ್ ನನ್ನ ಮುಂದೆ ಬಂತು. ಆಗ ನಾನು ಮನೆಬಳಕೆಯ ಯಂತ್ರಗಳನ್ನು ಆನ್‌ಲೈನ್‌ನಲ್ಲಿ ಮಾರುವ ಒಂದು ಕಂಪನಿಯ ದೂರು ವಿಭಾಗದಲ್ಲಿದ್ದೆ. ಮೊದಲ ಸುತ್ತಿನಲ್ಲಿ ಬಗೆಹರಿಯದ ದೂರುಗಳು ನನ್ನ ಮೇಜಿಗೆ ಬರುತ್ತಿದ್ದವು. ಇದು ಮೂರು ಸುತ್ತು ಮುಗಿಸಿ ಬಂದಿತ್ತು.

ಮೇಲ್ ಹೀಗಿತ್ತು:

“ಇದು ನನ್ನ ನಾಲ್ಕನೇ ಮೇಲ್. ಇದನ್ನೂ ಯಾರೂ ಓದಲ್ಲ ಅಂತ ಗೊತ್ತು. ಹಾಳಾದ ವಾಷಿಂಗ್ ಮಷೀನ್ ತಗೊಂಡು ಹೋದ್ರಿ, ದುಡ್ಡು ಇಟ್ಕೊಂಡ್ರಿ. ಕೇಳಿದ್ರೆ ‘ಹಣ ಹೋಗಿದೆ, ಬ್ಯಾಂಕ್ ಕೇಳಿ’ ಅಂತೀರಿ. ಬ್ಯಾಂಕಿಗೆ ಎರಡು ಸಲ ಹೋದೆ. ಏನೂ ಬಂದಿಲ್ಲ ಅಂತ ಬರೆದುಕೊಟ್ರು, ಅದನ್ನೂ ಕಳಿಸಿದೆ. ಅದಕ್ಕೆ ಉತ್ತರ ಏನು? ‘ನಿಮ್ಮ ಸಮಸ್ಯೆ ಬಗೆಹರಿದಿದೆ, ನಮಗೆ ಐದರಲ್ಲಿ ಎಷ್ಟು ಅಂಕ ಕೊಡ್ತೀರಿ’ ಅಂತ! ನಾಚಿಕೆ ಆಗಲ್ವಾ? ಒಂದು ತಿಂಗಳಿಂದ ಕೈಯಲ್ಲೇ ಬಟ್ಟೆ ಒಗೀತಿದ್ದೀನಿ. ಅಮ್ಮ ಹಾಸಿಗೆ ಹಿಡಿದಿದ್ದಾರೆ. ನನ್ನ ದುಡ್ಡು ಎಲ್ಲಿದೆ ಅಂತ ನೇರವಾಗಿ ಹೇಳಿ. ಇಲ್ಲಾಂದ್ರೆ ವಕೀಲರ ನೋಟಿಸ್ ಬರುತ್ತೆ. ಫೋನ್ ಮಾಡಬೇಡಿ. ಏನಿದ್ರೂ ಬರೆದೇ ಹೇಳಿ.”

ಇಂಥ ಮೇಲ್ ಬಂದಾಗ ಕಣ್ಣು ಮೊದಲು ಹೋಗುವುದು ‘ಕಳ್ಳರು’, ‘ನಾಚಿಕೆ’, ‘ವಕೀಲರ ನೋಟಿಸ್’ ಎಂಬಲ್ಲಿಗೆ. ಮನಸ್ಸು ಆಗಲೇ ಸಮರ್ಥನೆ ಹುಡುಕಲು ಶುರು ಮಾಡುತ್ತದೆ. ಅದಕ್ಕೇ ನಾನು ಎರಡು ಸಲ ಓದುವ ಅಭ್ಯಾಸ ಇಟ್ಟುಕೊಂಡಿದ್ದೆ. ಮೊದಲ ಸಲ ಸುಮ್ನೆ ಓದುವುದು. ಎರಡನೇ ಸಲ ಪೆನ್ಸಿಲ್ ಹಿಡಿದು, ಬೈಗುಳವನ್ನೆಲ್ಲ ಬಿಟ್ಟು, ನಡೆದ ಸಂಗತಿ ಮತ್ತು ಕೇಳಿದ ಪ್ರಶ್ನೆ ಎರಡನ್ನೇ ಬರೆದುಕೊಳ್ಳುವುದು. ಇಲ್ಲಿ ಸಂಗತಿಗಳು ನಾಲ್ಕಿದ್ದವು. ಯಂತ್ರ ವಾಪಸ್ ಹೋಗಿದೆ. ಹಣ ಬಂದಿಲ್ಲ. ಬ್ಯಾಂಕಿನ ಪತ್ರ ನಮಗೆ ಕಳಿಸಿದ್ದಾರೆ. ಅದಾದ ಮೇಲೂ ನಾವು ದೂರನ್ನು ಮುಚ್ಚಿದ್ದೇವೆ. ಪ್ರಶ್ನೆ ಒಂದೇ: ನನ್ನ ದುಡ್ಡು ಎಲ್ಲಿದೆ?

ಗಮನಿಸಿ, ಅವರು ‘ಯಾವಾಗ ಕೊಡ್ತೀರಿ’ ಎಂದು ಕೇಳಿಲ್ಲ. ‘ಎಲ್ಲಿದೆ’ ಎಂದು ಕೇಳಿದ್ದಾರೆ. ಈ ಪ್ರಕರಣದ ಗಂಟು ಇದ್ದದ್ದು ಅಲ್ಲೇ.

ಹಳೆಯ ಟಿಕೆಟ್‌ಗಳನ್ನು, ಅಂದರೆ ಒಂದೊಂದು ದೂರಿಗೂ ನಮ್ಮಲ್ಲಿ ತೆರೆಯುವ ದಾಖಲೆಗಳನ್ನು, ತೆಗೆದು ದಿನಗಳನ್ನು ಜೋಡಿಸಿದೆ. ಯಂತ್ರ ಮನೆಗೆ ಬಂದದ್ದನ್ನು ಮೊದಲನೇ ದಿನ ಎಂದಿಟ್ಟುಕೊಳ್ಳಿ. ಬಾಗಿಲಿನ ರಬ್ಬರ್ ಸುತ್ತ ನೀರು ಸೋರುತ್ತಿತ್ತು. 4ನೇ ದಿನ ನಮ್ಮವರು ಯಂತ್ರ ವಾಪಸ್ ತಂದರು. 6ನೇ ದಿನ ನಮ್ಮ ಸ್ಕ್ರೀನ್‌ನಲ್ಲಿ ‘ರೀಫಂಡ್ ಯಶಸ್ವಿ’ ಎಂದು ಬಂತು. ಇಲ್ಲಿಯವರೆಗೆ ಅವರಿಗೆ ಸಿಟ್ಟೇ ಇರಲಿಲ್ಲ. ಯಂತ್ರ ಒಯ್ದ ಹುಡುಗರು ಒಳ್ಳೆಯವರು ಎಂದು ಕೂಡ ಬರೆದಿದ್ದರು.

15ನೇ ದಿನ ಮೊದಲ ಮೇಲ್. ಮರ್ಯಾದೆಯಿಂದಲೇ ಕೇಳಿದ್ದರು, ಹಣ ಇನ್ನೂ ಬಂದಿಲ್ಲವಲ್ಲ ಎಂದು. ನಮ್ಮ ಉತ್ತರ: ಹಣ ಹೋಗಿದೆ, ಮುಟ್ಟಲು ಏಳು ಕೆಲಸದ ದಿನಗಳು ಬೇಕು, ದಯವಿಟ್ಟು ಕಾಯಿರಿ. ಆ ಏಳು ದಿನ ಆಗ ಹೆಚ್ಚುಕಡಿಮೆ ಮುಗಿದಿತ್ತು. ಯಾರೂ ಎಣಿಸಿರಲಿಲ್ಲ. 24ನೇ ದಿನ ಎರಡನೇ ಮೇಲ್. ಉತ್ತರ: ನಮ್ಮ ದಾಖಲೆಯ ಪ್ರಕಾರ ಹಣ ಹೋಗಿದೆ, ನಿಮ್ಮ ಬ್ಯಾಂಕನ್ನು ಸಂಪರ್ಕಿಸಿ. 29ನೇ ದಿನ ಬ್ಯಾಂಕಿನ ಪತ್ರದ ಜೊತೆ ಮೂರನೇ ಮೇಲ್. ಉತ್ತರ: ಹಣ ಹೋಗಿರುವುದಾಗಿ ದಾಖಲಾಗಿದೆ, ಆದರೂ ಸಂಬಂಧಪಟ್ಟ ವಿಭಾಗಕ್ಕೆ ಕಳಿಸಿದ್ದೇವೆ. ಆ ವಿಭಾಗ ಏನೂ ಮಾಡಲಿಲ್ಲ. 48 ಗಂಟೆ ಯಾರೂ ಮುಟ್ಟದ ಟಿಕೆಟ್ ತಾನಾಗಿಯೇ ಮುಚ್ಚಿಹೋಯಿತು. ಮುಚ್ಚಿದ ಟಿಕೆಟ್‌ಗೆ ತಾನಾಗಿಯೇ ಹೋಗುವ ‘ಅಂಕ ಕೊಡಿ’ ಮೇಲ್ ಹೋಯಿತು. 38ನೇ ದಿನ ಬಂದದ್ದು ಈ ‘ಕಳ್ಳರು’.

ಹೀಗೆ ಸಾಲಾಗಿ ಇಟ್ಟು ನೋಡಿದರೆ ಸಿಟ್ಟು ಎಲ್ಲಿ ಹುಟ್ಟಿತು ಎಂದು ಗೊತ್ತಾಗುತ್ತದೆ. ಸೋರಿದ ಯಂತ್ರದಿಂದ ಅಲ್ಲ. ತಡವಾದ ಹಣದಿಂದಲೂ ಪೂರ್ತಿ ಅಲ್ಲ. ‘ನಮ್ಮ ದಾಖಲೆಯ ಪ್ರಕಾರ ಹಣ ಹೋಗಿದೆ’ ಎಂಬ ಆ ಒಂದು ವಾಕ್ಯದಿಂದ. ಬರೆದವರಿಗೆ ಅದು ಬರೀ ಮಾಹಿತಿ. ಓದಿದವರಿಗೆ ಅದರ ಅರ್ಥ ಬೇರೆ: ನೀನು ಸುಳ್ಳು ಹೇಳುತ್ತಿದ್ದೀಯ. ತನ್ನ ಖಾತೆಯಲ್ಲಿ ಹಣ ಇಲ್ಲ ಎಂದು ಕಣ್ಣಾರೆ ನೋಡಿದವರಿಗೆ, ಬ್ಯಾಂಕಿನವರಿಂದ ಬರೆಸಿಕೊಂಡು ಬಂದವರಿಗೆ, ಮೂರನೇ ಸಲವೂ ಅದನ್ನೇ ಹೇಳಿದರೆ ‘ಕಳ್ಳರು’ ಎಂಬ ಪದ ಬರದೇ ಇರುತ್ತದೆಯೇ?

ನನ್ನ ಜೊತೆಗಿದ್ದ, ಹೊಸದಾಗಿ ಸೇರಿದ ಹುಡುಗ ಅಷ್ಟರಲ್ಲಿ ಒಂದು ಉತ್ತರ ಸಿದ್ಧ ಮಾಡಿದ್ದ. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದ. ಅದು ಹೀಗಿತ್ತು:

“ಆತ್ಮೀಯ ಗ್ರಾಹಕರೇ, ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು. ನಿಮಗೆ ಉಂಟಾಗಿರಬಹುದಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಆದರೆ ನಮ್ಮ ದಾಖಲೆಯ ಪ್ರಕಾರ 6ನೇ ದಿನವೇ ಹಣ ಬಿಡುಗಡೆಯಾಗಿದೆ. ಮತ್ತೊಮ್ಮೆ ಪರಿಶೀಲಿಸಿ ಆದಷ್ಟು ಬೇಗ ತಿಳಿಸುತ್ತೇವೆ. ದಯವಿಟ್ಟು ಶಾಂತರಾಗಿ ಸಹಕರಿಸಿ. ಮುಂದಿನ ಖರೀದಿಗೆ ಒಂದು ರಿಯಾಯಿತಿ ಕೂಪನ್ ಲಗತ್ತಿಸಿದ್ದೇವೆ. ನಿಮ್ಮ ತೃಪ್ತಿಯೇ ನಮ್ಮ ಗುರಿ.”

ಇದನ್ನು ಇಬ್ಬರೂ ಕೂತು ಒಂದೊಂದೇ ಸಾಲಾಗಿ ನೋಡಿದೆವು. ‘ಉಂಟಾಗಿರಬಹುದಾದ’ ಎಂದರೆ ಉಂಟಾಗಿದೆಯೋ ಇಲ್ಲವೋ ನಮಗೆ ಅನುಮಾನ ಎಂದಾಯಿತು. ಯಾರಿಂದ ಉಂಟಾಯಿತು ಎಂಬುದೂ ಆ ವಾಕ್ಯದಲ್ಲಿಲ್ಲ. ತಾನೇ ಬಂದ ಮಳೆಯ ಹಾಗೆ ಇದೆ. ಮುಂದಿನ ‘ಆದರೆ’ ಅದರ ಹಿಂದಿನ ವಿಷಾದವನ್ನೂ ಅಳಿಸಿಹಾಕುತ್ತದೆ. ‘ಆದಷ್ಟು ಬೇಗ’ ಎಂಬುದು ದಿನವೂ ಅಲ್ಲ, ಗಂಟೆಯೂ ಅಲ್ಲ. ‘ಶಾಂತರಾಗಿ’ ಎಂದು ಹೇಳಿಸಿಕೊಂಡು ಶಾಂತರಾದ ಒಬ್ಬರನ್ನೂ ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ಇನ್ನು ಕೂಪನ್. ನಮ್ಮನ್ನು ಕಳ್ಳರು ಎಂದು ಕರೆದವರಿಗೆ, ಇನ್ನೊಮ್ಮೆ ನಮ್ಮಲ್ಲೇ ದುಡ್ಡು ಹಾಕಿ ಎಂದು ಹೇಳಿದಂತೆ.

ಹುಡುಗ ಒಂದು ಪ್ರಶ್ನೆ ಕೇಳಿದ, ಒಳ್ಳೆಯ ಪ್ರಶ್ನೆ. “ಸರ್, ನಮ್ಮ ದಾಖಲೆಯಲ್ಲಿ ನಿಜಕ್ಕೂ ಹಾಗೇ ಇದೆಯಲ್ಲ. ನಾವು ಸುಳ್ಳು ಹೇಳ್ತಿಲ್ಲವಲ್ಲ?” ನಾನು ಹೇಳಿದೆ: “ಅವರೂ ಸುಳ್ಳು ಹೇಳ್ತಿಲ್ಲ ಅಂತ ಇಟ್ಕೋ. ಇಬ್ಬರೂ ನಿಜ ಹೇಳ್ತಿದ್ರೆ ದುಡ್ಡು ಎಲ್ಲಿರಬಹುದು? ಅದನ್ನು ಹುಡುಕೋಣ. ಆಮೇಲೆ ಬರೆಯೋಣ.”

ಹುಡುಕಲು ಹೊತ್ತು ಬೇಕು. ಅಲ್ಲಿಯವರೆಗೆ ಅವರನ್ನು ಸುಮ್ಮನೆ ಕಾಯಿಸುವಂತಿಲ್ಲ. ದೂರು ಬಂದ ಕೂಡಲೇ ಅದು ಮುಟ್ಟಿದೆ ಎಂದು ತಿಳಿಸಬೇಕು ಎಂಬುದು ದೂರು ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10002ರಲ್ಲೇ ಇದೆ. ಬಹುತೇಕ ಕಂಪನಿಗಳಲ್ಲಿ ಈ ಕೆಲಸವನ್ನು ತಾನಾಗಿ ಹೋಗುವ ಮೇಲ್ ಮಾಡುತ್ತದೆ. ಮೊದಲ ದೂರಿಗೆ ಅದು ನಡೆಯುತ್ತದೆ. ನಾಲ್ಕನೆಯದಕ್ಕೆ ಅದು ಬೆಂಕಿಗೆ ಎಣ್ಣೆ. ನಾನು 10:40ಕ್ಕೆ ಕೈಯಾರೆ ಇಷ್ಟು ಬರೆದು ಕಳಿಸಿದೆ, ಕೆಳಗೆ ನನ್ನ ಹೆಸರು ಹಾಕಿದೆ:

“ನಮಸ್ಕಾರ ಮೇಡಂ. ನಿಮ್ಮ ನಾಲ್ಕೂ ಮೇಲ್‌ಗಳನ್ನು ಮತ್ತು ಬ್ಯಾಂಕಿನ ಪತ್ರವನ್ನು ಈಗ ಓದಿದೆ. ಹಣ ನಿಮಗೆ ಬಂದಿಲ್ಲ ಎಂಬುದು ಆ ಪತ್ರದಿಂದ ಸ್ಪಷ್ಟವಾಗಿದೆ. ಅದು ಎಲ್ಲಿದೆ ಎಂದು ನಾನೇ ಹುಡುಕುತ್ತಿದ್ದೇನೆ. ಇಂದು ಸಂಜೆ 5 ಗಂಟೆಯೊಳಗೆ ಗೊತ್ತಾದದ್ದನ್ನು ಬರೆಯುತ್ತೇನೆ. ಪೂರ್ತಿ ಗೊತ್ತಾಗದಿದ್ದರೂ ಬರೆಯುತ್ತೇನೆ. ನೀವು ಹೇಳಿದಂತೆ ಫೋನ್ ಮಾಡುವುದಿಲ್ಲ.”

ಇದರಲ್ಲಿ ಕ್ಷಮೆ ಇಲ್ಲ ಎಂದು ಹುಡುಗ ಗಮನಿಸಿದ. ಬೇಕೆಂದೇ ಬಿಟ್ಟಿದ್ದೆ. ಏನು ತಪ್ಪಾಗಿದೆ ಎಂದು ಆಗ ನನಗೂ ಗೊತ್ತಿರಲಿಲ್ಲ. ಏನಕ್ಕೆ ಎಂದು ಗೊತ್ತಿಲ್ಲದ ಕ್ಷಮೆಯನ್ನು ಅವರು ಆಗಲೇ ಮೂರು ಸಲ ಓದಿದ್ದರು. ಆ ಹೊತ್ತಿಗೆ ಬೇಕಿದ್ದದ್ದು ಎರಡೇ. ನಿಮ್ಮ ಮಾತನ್ನು ನಂಬಿದ್ದೇನೆ ಎಂಬ ಮಾತು, ಮತ್ತು ಇಷ್ಟು ಗಂಟೆಯೊಳಗೆ ಎಂಬ ಗಡುವು.

ಫೋನ್ ಬಗ್ಗೆಯೂ ಒಂದು ಮಾತು. ಸಿಟ್ಟಾದವರಿಗೆ ಫೋನ್ ಮಾಡಿ ಮಾತಾಡುವುದೇ ಒಳ್ಳೆಯದು ಎಂದು ನಮ್ಮ ಕೆಲಸದಲ್ಲಿ ಹೇಳಿಕೊಡುತ್ತಾರೆ. ಸಾಮಾನ್ಯವಾಗಿ ಅದು ಸರಿ, ದನಿ ಕೇಳಿದರೆ ಅರ್ಧ ಬಿಗಿ ಇಳಿಯುತ್ತದೆ. ಆದರೆ ‘ಬರೆದೇ ಹೇಳಿ’ ಎನ್ನುವವರು ಬಾಯಿಮಾತಿನ ಮೇಲಿನ ನಂಬಿಕೆ ಕಳೆದುಕೊಂಡಿರುತ್ತಾರೆ. ಅವರಿಗೆ ಫೋನ್ ಮಾಡಿದರೆ, ಬರಹದಲ್ಲಿ ಸಿಕ್ಕಿಹಾಕಿಕೊಳ್ಳಲು ನಮಗೆ ಇಷ್ಟವಿಲ್ಲ ಎಂದೇ ಅನಿಸುತ್ತದೆ.

ಈಗ ಹುಡುಕಾಟ. ನಮ್ಮ ಸ್ಕ್ರೀನ್‌ನಲ್ಲಿ ಇದ್ದ ‘ಯಶಸ್ವಿ’ ಎಂಬುದರ ಅರ್ಥ ಏನು ಎಂದು ಅಕೌಂಟ್ಸ್ ವಿಭಾಗವನ್ನು ಕೇಳಿದೆ. ಉತ್ತರ ಕೇಳಿ ನನಗೇ ಕಸಿವಿಸಿಯಾಯಿತು. ಹಣ ಕಳಿಸಲು ನಾವು ಕೊಟ್ಟ ಆದೇಶವನ್ನು ಪಾವತಿ ಸಂಸ್ಥೆ ಸ್ವೀಕರಿಸಿದೆ ಎಂದಷ್ಟೇ ಅದರ ಅರ್ಥ. ಗ್ರಾಹಕರ ಖಾತೆಗೆ ಮುಟ್ಟಿದೆ ಎಂದಲ್ಲ. ಕಾರ್ಡಿಗೆ ಹೋಗುವ ರೀಫಂಡ್‌ಗೆ ಒಂದು 23 ಅಂಕಿಯ ಗುರುತು ಸಂಖ್ಯೆ ಇರುತ್ತದೆ, ಎಆರ್‌ಎನ್ ಎನ್ನುತ್ತಾರೆ. ಆ ಸಂಖ್ಯೆ ಕೈಯಲ್ಲಿದ್ದರೆ ಗ್ರಾಹಕರ ಬ್ಯಾಂಕು ಹಣದ ಜಾಡು ಹಿಡಿಯಬಹುದು. ನಾವು ಆಕೆಯನ್ನು ಎರಡು ಸಲ ಬ್ಯಾಂಕಿಗೆ ಕಳಿಸಿದ್ದೆವು. ಆ ಸಂಖ್ಯೆಯನ್ನು ಒಂದು ಸಲವೂ ಕೊಟ್ಟಿರಲಿಲ್ಲ. ಬರಿಗೈಯಲ್ಲಿ ಕೌಂಟರಿನ ಮುಂದೆ ನಿಲ್ಲಿಸಿದ್ದೆವು.

ಪಾವತಿ ಸಂಸ್ಥೆಯಿಂದ ವಿವರ ಬರುವಷ್ಟರಲ್ಲಿ ಮಧ್ಯಾಹ್ನ 3:30 ಆಯಿತು. ಯಂತ್ರ ಕೊಳ್ಳಲು ಬಳಸಿದ್ದ ಕಾರ್ಡಿನ ಖಾತೆಯನ್ನು ಗ್ರಾಹಕಿ ಆ ನಡುವೆ ಮುಚ್ಚಿದ್ದರು. ಕಾರ್ಡ್ ಮಾತ್ರ ಬದಲಾಗಿ ಖಾತೆ ಉಳಿದಿದ್ದರೆ ಸಾಮಾನ್ಯವಾಗಿ ಹಣ ಅದೇ ಖಾತೆಗೆ ಸೇರುತ್ತದೆ. ಇಲ್ಲಿ ಖಾತೆಯೇ ಇರಲಿಲ್ಲ. ಹಾಗಾಗಿ 9ನೇ ದಿನ ಬ್ಯಾಂಕು ಹಣವನ್ನು ತಿರುಗಿಸಿ ಕಳಿಸಿತ್ತು. ಅದು ನಮ್ಮಲ್ಲೇ, ಹೊಂದಿಕೆಯಾಗದ ಹಣವನ್ನು ಇಡುವ ಒಂದು ಲೆಕ್ಕದಲ್ಲಿ ಬಿದ್ದಿತ್ತು. ವಾಪಸ್ ಬಂದ ಸುದ್ದಿ ದೂರು ವಿಭಾಗದ ಸ್ಕ್ರೀನ್‌ಗೆ ಬರುವ ದಾರಿಯೇ ಇರಲಿಲ್ಲ. ಅಂದರೆ 29 ದಿನ ಅವರ ಹಣ ನಮ್ಮ ಹತ್ತಿರವೇ ಇತ್ತು. ‘ದುಡ್ಡು ಇಟ್ಕೊಂಡ್ರಿ’ ಎಂದು ಅವರು ಬರೆದದ್ದು ಅಕ್ಷರಶಃ ನಿಜವಾಗಿತ್ತು.

ಬರೆಯುವ ಮೊದಲು ಇನ್ನೊಂದು ಕೆಲಸ ಇತ್ತು. ಯಾವ ಮಾತು ಕೊಡಬಹುದು ಎಂದು ಖಚಿತ ಮಾಡಿಕೊಳ್ಳುವುದು. ಅಕೌಂಟ್ಸ್‌ನವರು ದಿನಕ್ಕೆ ಒಮ್ಮೆ, ಬೆಳಗ್ಗೆ 11ಕ್ಕೆ, ಹಣದ ಪಟ್ಟಿಯನ್ನು ಬ್ಯಾಂಕಿಗೆ ಕಳಿಸುತ್ತಾರೆ. ನಾಳೆಯ ಪಟ್ಟಿಯಲ್ಲಿ ಇದು ಸೇರುತ್ತದೆ ಎಂದು ಅವರಿಂದ ಹೇಳಿಸಿಕೊಂಡೆ. ಗ್ರಾಹಕಿಯ ಖಾತೆಗೆ ಹಣ ಎಷ್ಟು ಗಂಟೆಗೆ ಬೀಳುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಹಾಗಾಗಿ ‘ನಾಳೆ ಹಣ ಬರುತ್ತದೆ’ ಎಂದು ಬರೆಯುವಂತಿರಲಿಲ್ಲ. ‘ನಾಳೆ 12 ಗಂಟೆಯೊಳಗೆ ಕಳಿಸಿ, ಸಂಖ್ಯೆ ಕೊಡುತ್ತೇನೆ’ ಎಂದು ಬರೆಯಬಹುದಿತ್ತು.

4:20ಕ್ಕೆ ಹೋದ ಮೇಲ್ ಇದು:

“ನಮಸ್ಕಾರ ಮೇಡಂ,

ನಿಮ್ಮ ಹಣ ನಮ್ಮ ಹತ್ತಿರವೇ ಇದೆ. ನೀವು ಮೊದಲಿನಿಂದ ಹೇಳಿದ್ದೇ ಸರಿ. ಹಣ ಹೋಗಿದೆ ಎಂದು ನಾವು ಮೂರು ಸಲ ಹೇಳಿದ್ದು ತಪ್ಪು.

ಆಗಿದ್ದು ಇಷ್ಟು. ನೀವು ಪಾವತಿ ಮಾಡಿದ ಕಾರ್ಡಿಗೇ ನಾವು ಹಣ ಕಳಿಸಿದೆವು. ಆ ಕಾರ್ಡಿನ ಖಾತೆ ಮುಚ್ಚಿದ್ದರಿಂದ ಮೂರು ದಿನದಲ್ಲಿ ಅದು ನಮಗೇ ವಾಪಸ್ ಬಂತು. ಖಾತೆ ಬದಲಾಗುವುದು ಸಾಮಾನ್ಯ, ಅದರಲ್ಲಿ ನಿಮ್ಮ ತಪ್ಪಿಲ್ಲ. ವಾಪಸ್ ಬಂದದ್ದನ್ನು ನಾವು ನೋಡಬೇಕಿತ್ತು, ನೋಡಲಿಲ್ಲ. ನೀವು ಬ್ಯಾಂಕಿನ ಪತ್ರ ಕಳಿಸಿದ ಮೇಲೂ ಹುಡುಕಲಿಲ್ಲ. ಅದರ ಬದಲು ದೂರನ್ನು ಮುಚ್ಚಿ ಅಂಕ ಕೇಳಿದೆವು. ಇದಕ್ಕೆ ಕ್ಷಮೆ ಕೇಳುತ್ತೇನೆ. ಮನೆಯಲ್ಲಿ ಅಮ್ಮನ ಆರೈಕೆ ನಡೆಯುತ್ತಿರುವಾಗ ಎರಡು ಸಲ ಬ್ಯಾಂಕಿಗೆ ಅಲೆಯುವಂತೆ ಮಾಡಿದ್ದಕ್ಕೂ ಕ್ಷಮೆ ಇರಲಿ.

ಈಗ ಹಣ ಕಳಿಸಲು ನಿಮ್ಮ ಇನ್ನೊಂದು ಖಾತೆಯ ವಿವರ ಬೇಕು. ಅದನ್ನು ಮೇಲ್‌ನಲ್ಲಿ ಬರೆಯಬೇಡಿ. ನಮ್ಮ ಜಾಲತಾಣದಲ್ಲಿ ನಿಮ್ಮ ಲಾಗಿನ್‌ನಿಂದಲೇ ಒಳಗೆ ಹೋಗಿ, ಈ ಆರ್ಡರಿನ ಕೆಳಗೆ ‘ಖಾತೆ ಸೇರಿಸಿ’ ಎಂಬಲ್ಲಿ ತುಂಬಿ. ಪಿನ್, ಓಟಿಪಿ ಯಾವುದನ್ನೂ ನಾವು ಕೇಳುವುದಿಲ್ಲ.

ಇಂದು ರಾತ್ರಿಯೊಳಗೆ ತುಂಬಿದರೆ ನಾಳೆ ಬೆಳಗ್ಗೆ 11ಕ್ಕೆ ಹಣ ಕಳಿಸುತ್ತೇವೆ. 12 ಗಂಟೆಯೊಳಗೆ ಅದರ ಸಂಖ್ಯೆಯನ್ನು ನಾನು ನಿಮಗೆ ಬರೆಯುತ್ತೇನೆ. ಹಣ ಮುಟ್ಟಿತು ಎಂದು ನೀವು ಹೇಳುವವರೆಗೆ ಈ ದೂರನ್ನು ಮುಚ್ಚುವುದಿಲ್ಲ.”

ಮೊದಲ ವಾಕ್ಯ ಅವರ ಪ್ರಶ್ನೆಗೆ ಉತ್ತರ. ‘ಎಲ್ಲಿದೆ’ ಎಂದು ಕೇಳಿದವರಿಗೆ ‘ಇಲ್ಲಿದೆ’. ಕ್ಷಮೆ ಅದಾದ ಮೇಲೆ ಬಂತು. ಸಿಟ್ಟಿನಲ್ಲಿ ಓದುವವರು ಮೊದಲು ತಮ್ಮ ಪ್ರಶ್ನೆಗೆ ಉತ್ತರ ಹುಡುಕುತ್ತಾರೆ. ಅದು ಸಿಗುವವರೆಗೆ ಉಳಿದ ಸಾಲುಗಳು ಅವರಿಗೆ ಅಡ್ಡಿಯೇ.

ಕ್ಷಮೆಯಲ್ಲಿ ‘ಅನಾನುಕೂಲ’ ಎಂಬ ಪದ ಇಲ್ಲ. ನಾವು ಮಾಡಿದ ಮತ್ತು ಮಾಡದೇ ಬಿಟ್ಟ ಕೆಲಸಗಳು ಒಂದೊಂದಾಗಿ ಇವೆ. ಅಂಕ ಕೇಳಿದ್ದನ್ನು ಬೇಕೆಂದೇ ಸೇರಿಸಿದೆ. ಕಂಪನಿಯ ಕಣ್ಣಿಗೆ ಅದು ಸಣ್ಣದು, ಅವರ ಮೇಲ್‌ನಲ್ಲಿ ಅತಿ ಬಿಸಿಯಾದ ಸಾಲು ಅದೇ ಆಗಿತ್ತು. ಅಮ್ಮನ ವಿಷಯ ಒಂದೇ ಸಲ ಬಂತು, ಅದೂ ನಮ್ಮ ತಪ್ಪಿನ ಜೊತೆ ಸೇರಿ. ‘ಬೇಗ ಗುಣವಾಗಲಿ’ ಎಂದು ಹುಡುಗ ಸೇರಿಸಲು ಹೊರಟಿದ್ದ, ಬೇಡ ಎಂದೆ. ಪರಿಚಯವಿಲ್ಲದವರ ಮನೆಯ ಕಷ್ಟವನ್ನು ಅಷ್ಟು ಹತ್ತಿರದಿಂದ ಮುಟ್ಟುವ ಸಲುಗೆ ನಮಗೆ ಆ ದಿನ ಇರಲಿಲ್ಲ.

‘ಖಾತೆ ಮುಚ್ಚಿದ್ದರಿಂದ’ ಎಂಬ ಸಾಲಿನ ಮೇಲೆ ನಾನು ಜಾಸ್ತಿ ಹೊತ್ತು ಕೂತೆ. ಅದು ನಿಜವಾದ ಕಾರಣ, ಬಿಡುವಂತಿಲ್ಲ. ಅದನ್ನಷ್ಟೇ ಬರೆದರೆ ‘ನೀವು ಮುಚ್ಚಿದ್ದಕ್ಕೇ ಹೀಗಾಯಿತು’ ಎಂದು ಕೇಳಿಸುತ್ತದೆ. ಹಾಗಾಗಿ ಅದರ ಬೆನ್ನಿಗೇ, ಅದೇ ಪ್ಯಾರಾದಲ್ಲಿ, ನೋಡಬೇಕಿದ್ದವರು ನಾವು ಎಂದು ಬರೆದೆ. ನಮ್ಮನ್ನು ಕಳ್ಳರು ಎಂದವರ ಬಳಿ ಖಾತೆಯ ವಿವರ ಕೇಳುವುದೂ ಸೂಕ್ಷ್ಮ. ಮೇಲ್‌ನಲ್ಲೇ ಒಂದು ಲಿಂಕ್ ಕೊಟ್ಟಿದ್ದರೆ ಅದು ಮೋಸದ ಮೇಲ್‌ನಂತೆಯೇ ಕಾಣುತ್ತಿತ್ತು. ಅವರಿಗೆ ಗೊತ್ತಿರುವ ದಾರಿಯಿಂದಲೇ ಹೋಗಲಿ ಎಂದು ಲಾಗಿನ್ ಬಗ್ಗೆ ಬರೆದೆ.

ಮೇಲ್ ಹೋಗಿ ಇಪ್ಪತ್ತು ನಿಮಿಷಕ್ಕೆ ಉತ್ತರ ಬಂತು. ಹುಡುಗ ಓದಿ ಮುಖ ಸಣ್ಣದು ಮಾಡಿಕೊಂಡ.

“ಅಂದ್ರೆ ಒಂದು ತಿಂಗಳು ನನ್ನ ದುಡ್ಡು ನಿಮ್ಮ ಹತ್ರಾನೇ ಇತ್ತು! ನನ್ನನ್ನು ಬ್ಯಾಂಕಿಗೆ ಓಡಿಸ್ತಾ ಇದ್ರಿ! ನಾನು ನಾಲ್ಕನೇ ಸಲ ಬರೀದೇ ಇದ್ದಿದ್ರೆ? ಹಾಗೇ ಇಟ್ಕೋತಿದ್ರಿ ಅಲ್ವಾ?”

ಸತ್ಯ ಹೇಳಿದ ಮೇಲೆ ಸಿಟ್ಟು ಒಂದು ಸಲ ಮೇಲಕ್ಕೇ ಹೋಗುತ್ತದೆ. ಅಲ್ಲಿಯವರೆಗೆ ಅನುಮಾನ ಇತ್ತು, ಈಗ ಖಾತ್ರಿಯಾಗಿದೆ. ಬಹಳ ಜನ ಇಲ್ಲಿ ಹೆದರಿ ತಪ್ಪು ಮಾಡುತ್ತಾರೆ. ಇನ್ನೊಂದು ಉದ್ದದ ಕ್ಷಮೆ ಬರೆಯುತ್ತಾರೆ, ಅಥವಾ ‘ಬೇಕೆಂದು ಮಾಡಿದ್ದಲ್ಲ’ ಎಂದು ವಾದಕ್ಕೆ ಇಳಿಯುತ್ತಾರೆ. ಆದರೆ ಈ ಎರಡನೇ ಸಿಟ್ಟಿನ ಬಣ್ಣ ಬೇರೆ. ಮೊದಲನೆಯದು ಯಾರೂ ಕೇಳಿಸಿಕೊಳ್ಳದ ಗೋಡೆಗೆ ಕೂಗಿದ್ದು. ಇದು ಉತ್ತರ ಕೊಡುವ ಮನುಷ್ಯನಿಗೆ ಹಾಕಿದ ಪ್ರಶ್ನೆ. ‘ಕಳ್ಳರು’ ಇಲ್ಲ, ವಕೀಲರೂ ಇಲ್ಲ. ಒಂದು ನೇರ ಪ್ರಶ್ನೆ ಇದೆ, ಅದಕ್ಕೆ ನೇರ ಉತ್ತರ ಬೇಕು:

“ಹೌದು ಮೇಡಂ, ನಿಮ್ಮ ಹಣ 29 ದಿನ ನಮ್ಮ ಹತ್ತಿರ ಇತ್ತು. ನೀವು ಮತ್ತೆ ಬರೆಯದಿದ್ದರೆ ಅದು ಇನ್ನೂ ಕೆಲವು ದಿನ ಹಾಗೇ ಇರುತ್ತಿತ್ತು. ತಿಂಗಳ ಕೊನೆಯ ಲೆಕ್ಕದಲ್ಲಿ ಸಿಕ್ಕಿರುತ್ತಿತ್ತು ಎಂದು ಅಕೌಂಟ್ಸ್‌ನವರು ಹೇಳುತ್ತಾರೆ. ಆದರೆ ಅದನ್ನು ಖಚಿತವಾಗಿ ಹೇಳಲು ನನ್ನಿಂದ ಆಗುವುದಿಲ್ಲ. ನಾಳೆ 12 ಗಂಟೆಯೊಳಗೆ ಬರೆಯುತ್ತೇನೆ.”

ರಾತ್ರಿ 9ಕ್ಕೆ ಅವರು ಖಾತೆಯ ವಿವರ ತುಂಬಿದರು. ಬೇರೇನೂ ಬರೆಯಲಿಲ್ಲ. ನನಗೆ ಆ ದಿನ ಅದೇ ದೊಡ್ಡ ಉತ್ತರ.

ಮರುದಿನ ಬೆಳಗ್ಗೆ 11:15ಕ್ಕೆ ಅಕೌಂಟ್ಸ್‌ನಿಂದ ಕರೆ ಬಂತು. ಹೆಸರು ಹೊಂದುತ್ತಿಲ್ಲ, ಪಟ್ಟಿಯಿಂದ ತಡೆಹಿಡಿದಿದ್ದೇವೆ ಎಂದರು. ಆರ್ಡರ್ ಒಂದು ಹೆಸರಿನಲ್ಲಿತ್ತು, ಖಾತೆಯಲ್ಲಿ ಮನೆತನದ ಹೆಸರು ಬೇರೆ ಇತ್ತು. ತಪ್ಪು ಖಾತೆಗೆ ಹಣ ಹೋಗದಂತೆ ತಡೆಯುವ ನಿಯಮ ಅದು, ದಾಟಿ ಹೋಗುವಂತಿಲ್ಲ. ನಾನು ಮಾತು ಕೊಟ್ಟಿದ್ದ ಗಡುವಿಗೆ 45 ನಿಮಿಷ ಇತ್ತು.

ಒಂದು ಗಂಟೆಗೆ ಸರಿಹೋಗಬಹುದು, ಸ್ವಲ್ಪ ಕಾದು ನೋಡೋಣ ಎಂಬ ಆಸೆ ಇಂಥ ಹೊತ್ತಿನಲ್ಲಿ ಬರುತ್ತದೆ. ನನಗೂ ಬಂತು. ಆದರೆ 12 ಗಂಟೆಗೆ ಮೊದಲು ನಾನಾಗಿ ಹೇಳಿದರೆ ಅದು ಸುದ್ದಿ. 12:05ಕ್ಕೆ ಅವರು ಕೇಳಿ ನಾನು ಹೇಳಿದರೆ ಅದು ನೆಪ. 11:30ಕ್ಕೆ ಬರೆದೆ: ಇಂದಿನ 11 ಗಂಟೆಯ ಪಟ್ಟಿಯಲ್ಲಿ ಹಣ ಹೋಗಲಿಲ್ಲ, ನಿನ್ನೆ ಕೊಟ್ಟ ಮಾತು ತಪ್ಪಿದ್ದೇನೆ. ಕಾರಣ ಇದು. ಎರಡೂ ಹೆಸರು ನಿಮ್ಮದೇ ಎಂದು ತೋರಿಸುವ ಯಾವುದಾದರೂ ಒಂದು ಗುರುತಿನ ಪತ್ರವನ್ನು ಅದೇ ಪುಟದಲ್ಲಿ ಸೇರಿಸಿದರೆ ಸಾಕು. ಇದನ್ನು ನಿನ್ನೆಯೇ ಕೇಳಬೇಕಿತ್ತು, ನನಗೆ ಹೊಳೆಯಲಿಲ್ಲ. ನಾಳೆಯವರೆಗೆ ಕಾಯಿಸದೆ ಇಂದು ಮಧ್ಯಾಹ್ನವೇ ಪ್ರತ್ಯೇಕವಾಗಿ ಕಳಿಸಲು ಒಪ್ಪಿಸಿದ್ದೇನೆ.

ಕೊನೆಯ ಸಾಲಿಗಾಗಿ ಅಕೌಂಟ್ಸ್ ಮುಖ್ಯಸ್ಥರ ಬಳಿ ಹತ್ತು ನಿಮಿಷ ನಿಂತಿದ್ದೆ. ಪಟ್ಟಿಯ ಹೊರಗೆ ಹಣ ಕಳಿಸಲು ಅವರ ಸಹಿ ಬೇಕು. ಟಿಕೆಟ್‌ನಲ್ಲಿ ಬರೆದು ಕೂತಿದ್ದರೆ ಅದು ಆಗುತ್ತಿರಲಿಲ್ಲ. ಗ್ರಾಹಕಿಯ ಮೊದಲ ಮೇಲನ್ನು ಅವರ ಮುಂದಿಟ್ಟೆ, ಓದಿ ಸಹಿ ಹಾಕಿದರು.

ಗ್ರಾಹಕಿಯ ಉತ್ತರ 12:10ಕ್ಕೆ ಬಂತು. “ಕಳಿಸಿದ್ದೇನೆ. ಮೊದಲೇ ಹೇಳಿದ್ದಕ್ಕೆ ಥ್ಯಾಂಕ್ಸ್.” ಇಡೀ ಪ್ರಕರಣದಲ್ಲಿ ಅವರ ದನಿ ಇಳಿದದ್ದು ಇಲ್ಲಿ. ಸಿಹಿಸುದ್ದಿಗೆ ಅಲ್ಲ, ಕೆಟ್ಟ ಸುದ್ದಿಯನ್ನು ಹೊತ್ತಿಗೆ ಮುಂಚೆ ಹೇಳಿದ್ದಕ್ಕೆ. 2:45ಕ್ಕೆ ಹಣ ಹೋಯಿತು. 2:50ಕ್ಕೆ ಸಂಖ್ಯೆ ಬರೆದೆ. ಸಂಜೆಯೊಳಗೆ ಅವರ ಖಾತೆಗೆ ಮುಟ್ಟಿತು.

ಪರಿಹಾರದ ಮಾತು ಬಂದದ್ದು ಹಣ ಮುಟ್ಟಿದ ಮೇಲೆ. ಹುಡುಗನಿಗೆ ಇದು ವಿಚಿತ್ರ ಎನಿಸಿತ್ತು, ಮೊದಲೇ ಏನಾದರೂ ಕೊಟ್ಟಿದ್ದರೆ ಸಿಟ್ಟು ಇಳಿಯುತ್ತಿತ್ತಲ್ಲ ಎಂದ. ಇದರ ಬಗ್ಗೆ 2010ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಆನ್‌ಲೈನ್ ಹರಾಜಿನಲ್ಲಿ ಕೊಂಡು, ಮಾರಾಟಗಾರರಿಗೆ ಒಳ್ಳೆಯ ಅಂಕ ಕೊಡದಿದ್ದವರಲ್ಲಿ ಕೆಲವರಿಗೆ ಬರೀ ಕ್ಷಮೆ ಕೇಳಿದರು. ಉಳಿದವರಿಗೆ ಅಂಕ ಹಿಂತೆಗೆದರೆ ಸಣ್ಣ ಮೊತ್ತ ಕೊಡುತ್ತೇವೆ ಎಂದರು. ಕ್ಷಮೆ ಕೇಳಿಸಿಕೊಂಡವರಲ್ಲಿ ಶೇಕಡ 45ರಷ್ಟು ಜನ ಅಂಕ ಹಿಂತೆಗೆದರು. ಹಣದ ಮಾತು ಕೇಳಿದವರಲ್ಲಿ ಹಾಗೆ ಮಾಡಿದವರು ಅದರ ಅರ್ಧದಷ್ಟೇ. ಆದರೆ ಇದನ್ನು ಎಲ್ಲ ಕಡೆ ಅನ್ವಯಿಸಬಾರದು. ಅಲ್ಲಿ ಯಾರ ಹಣವೂ ಒಂದು ತಿಂಗಳು ಸಿಕ್ಕಿಕೊಂಡಿರಲಿಲ್ಲ. ನಮ್ಮಲ್ಲಿ ಕ್ಷಮೆಯೊಂದನ್ನೇ ಕೊಟ್ಟು ಹಣ ಕೊಡದಿದ್ದರೆ ಅದು ಇನ್ನೊಂದು ಮೋಸ ಆಗುತ್ತಿತ್ತು. ನಾನು ಅದರಿಂದ ತೆಗೆದುಕೊಂಡದ್ದು ಇಷ್ಟೇ: ತಪ್ಪು ಒಪ್ಪುವ ಮೊದಲು ಸಣ್ಣ ಮೊತ್ತ ಮುಂದಿಟ್ಟರೆ ಅದು ಬಾಯಿ ಮುಚ್ಚಿಸುವ ಹಣದಂತೆ ಕಾಣುತ್ತದೆ.

ಹಾಗಾಗಿ ಮರುದಿನ ಹೀಗೆ ಕೇಳಿದೆ: “ಈ ಒಂದು ತಿಂಗಳಲ್ಲಿ ಹೊರಗೆ ಬಟ್ಟೆ ಒಗೆಸಿದ ಖರ್ಚು, ಬ್ಯಾಂಕಿಗೆ ಹೋಗಿ ಬಂದ ಖರ್ಚು ಇದ್ದರೆ ತಿಳಿಸಿ. ಅದು ನಮ್ಮಿಂದ ಆದದ್ದು, ನಾವು ಕೊಡುತ್ತೇವೆ. ರಸೀದಿ ಇಲ್ಲದಿದ್ದರೆ ಅಂದಾಜು ಸಾಕು.” ಹೊದಿಕೆಗಳನ್ನು ನಾಲ್ಕು ಸಲ ಹೊರಗೆ ಒಗೆಸಿದ್ದರು. ಅದರ ಮೊತ್ತ ಬರೆದರು, ಒಂದು ಪೈಸೆಯೂ ಹೆಚ್ಚಿಲ್ಲ ಎಂಬುದು ಅಂಕಿ ನೋಡಿದರೇ ಗೊತ್ತಾಗುತ್ತಿತ್ತು. ಬ್ಯಾಂಕಿನ ಓಡಾಟಕ್ಕೆ ಏನೂ ಕೇಳಲಿಲ್ಲ. ಮೊತ್ತ ನನ್ನ ಅಧಿಕಾರದ ಮಿತಿಯೊಳಗೇ ಇತ್ತು, ಅದೇ ದಿನ ಕಳಿಸಿದೆ. ಕೂಪನ್ ಕೊಡಲಿಲ್ಲ.

ಅವರ ಕೊನೆಯ ಮೇಲ್ ಎರಡು ಸಾಲು. “ಎರಡೂ ಹಣ ಬಂತು. ನೀವು ಸರಿಯಾಗಿ ನಡ್ಕೊಂಡ್ರಿ, ಆದ್ರೆ ಇನ್ನು ಮುಂದೆ ನಿಮ್ಮ ಕಂಪನಿಯಲ್ಲಿ ಏನೂ ಕೊಳ್ಳಲ್ಲ.” ಅವರನ್ನು ಮರಳಿ ಒಲಿಸುವ ಒಂದು ಮೇಲ್ ಬರೆಯಬಹುದಲ್ಲ ಎಂದು ಮೇಲಿನವರು ಕೇಳಿದರು. ನಾನು ಬರೆಯಲಿಲ್ಲ. ‘ಅರ್ಥವಾಯಿತು ಮೇಡಂ, ತಿಳಿಸಿದ್ದಕ್ಕೆ ಧನ್ಯವಾದ, ಈ ದೂರನ್ನು ಈಗ ಮುಚ್ಚುತ್ತಿದ್ದೇನೆ’ ಎಂದಷ್ಟೇ ಬರೆದು, ಅಂಕ ಕೇಳುವ ಮೇಲ್ ಹೋಗದಂತೆ ಆ ಗುಂಡಿಯನ್ನು ಕೈಯಾರೆ ಆರಿಸಿದೆ.

‘ನಾನು ಬರೀದೇ ಇದ್ದಿದ್ರೆ’ ಎಂಬ ಅವರ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಆ ವಾರವೇ ಅಕೌಂಟ್ಸ್‌ನಲ್ಲಿ ಕೂತು, ಹೊಂದಿಕೆಯಾಗದ ಹಣದ ಲೆಕ್ಕವನ್ನು ತೆಗೆಸಿದೆ. ಹೀಗೇ ತಿರುಗಿ ಬಂದ ರೀಫಂಡ್‌ಗಳು ಇನ್ನೂ 14 ಇದ್ದವು. ಅವುಗಳಲ್ಲಿ ದೂರು ಬಂದಿದ್ದದ್ದು ಮೂರಕ್ಕೆ. ಆ ಮೂರಕ್ಕೂ ನಾವು ಕೊಟ್ಟಿದ್ದ ಉತ್ತರ ಒಂದೇ: ನಮ್ಮ ದಾಖಲೆಯ ಪ್ರಕಾರ ಹಣ ಹೋಗಿದೆ. ಉಳಿದ 11 ಜನ ಕೇಳಿಯೇ ಇರಲಿಲ್ಲ.

‘ಯಶಸ್ವಿ’ ಎಂಬ ಪದವನ್ನು ಸ್ಕ್ರೀನ್‌ನಿಂದ ತೆಗೆಸಿ ‘ಬ್ಯಾಂಕಿಗೆ ಕಳಿಸಲಾಗಿದೆ’ ಎಂದು ಬದಲಿಸಲು ಎರಡು ತಿಂಗಳು ಹಿಡಿಯಿತು. 14 ಮೇಲ್‌ಗಳನ್ನು ಬರೆಯಲು ಅಷ್ಟು ಕಾಯಬೇಕಿರಲಿಲ್ಲ. ಹುಡುಗ ಅಂದು ಮಧ್ಯಾಹ್ನವೇ ಕೂತು ಬರೆದ. ಹದಿನಾಲ್ಕರಲ್ಲೂ ಮೊದಲ ವಾಕ್ಯ ಒಂದೇ ಇತ್ತು: “ನಿಮ್ಮ ಹಣ ನಮ್ಮ ಹತ್ತಿರ ಇದೆ.”